ಕಬ್ಬು ಕಡಿಮೆಯಾದರೆ ಬಿಲ್ ವಿಭಾಗದ ಕೆಲಸವೂ ಅಷ್ಟೇ ಕಡಿಮೆಯಾಗುತ್ತಾ?

ಪ್ರಶ್ನೆ: ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಬಿಲ್ ವಿಭಾಗ ನೋಡ್ಕೋತೀನಿ. ಪ್ರತಿ ವರ್ಷ ಹೋದ ವರ್ಷದ ಖರ್ಚಿಗೆ 8% ಸೇರಿಸಿ ಬಜೆಟ್ ಕೊಡ್ತಿದ್ವಿ. ಈ ಸಲ ಆಕ್ಟಿವಿಟಿ ಬೇಸ್ಡ್ ಬಜೆಟ್ ಕೇಳಿದಾರೆ. ಕಬ್ಬು ಕಡಿಮೆ ಬರುತ್ತೆ, ಜನಾನೂ ಕಡಿಮೆ ತೋರಿಸ್ಬೇಕಾ?

ಉತ್ತರ:

ಮೊದಲು ಟನ್ ಲೆಕ್ಕ ಪಕ್ಕಕ್ಕಿಡಿ. ನಿಮ್ಮ ಹುಡುಗರು ಕಬ್ಬು ಹೊರುವುದಿಲ್ಲ. ಅವರು ಚೀಟಿ ನೋಡುತ್ತಾರೆ, ಬಿಲ್ ಮಾಡುತ್ತಾರೆ, ತಪ್ಪು ತಿದ್ದುತ್ತಾರೆ. ಆಕ್ಟಿವಿಟಿ ಬೇಸ್ಡ್ ಅಂದರೆ ಇಷ್ಟೇ, ಬಜೆಟ್ ಹುಟ್ಟಬೇಕಾದದ್ದು ಆ ಕೆಲಸಗಳ ಎಣಿಕೆಯಿಂದ.

ನಾನು ಮುಧೋಳ ಭಾಗದಲ್ಲಿ ಇದೇ ಕೆಲಸ ಮಾಡಿದವನು. ಲೆಕ್ಕ ಸುಲಭವಾಗಲಿ ಅಂತ ದುಂಡು ಅಂಕಿಗಳಲ್ಲಿ ಹೇಳುತ್ತೇನೆ. ಹೋದ ವರ್ಷ 7 ಲಕ್ಷ ಟನ್, ಈ ಸಲ 6 ಲಕ್ಷ ಅಂದುಕೊಳ್ಳಿ. ಗಾಡಿಗೆ 20 ಟನ್‌ನಂತೆ ಕಾಟಾ ಚೀಟಿ 30,000. ಒಂದಕ್ಕೆ 3 ನಿಮಿಷ, ಒಟ್ಟು 1,500 ಗಂಟೆ. ರೈತರ ಬಿಲ್ 12,000, ಒಂದಕ್ಕೆ 10 ನಿಮಿಷ, 2,000 ಗಂಟೆ. ಕಟಾವು ಮತ್ತು ಸಾಗಾಣಿಕೆ ಗುತ್ತಿಗೆದಾರರ ಬಿಲ್ 1,500, ಒಂದಕ್ಕೆ ಅರ್ಧ ಗಂಟೆ, 750 ಗಂಟೆ. ಬ್ಯಾಂಕಿನಿಂದ ವಾಪಸ್ ಬಂದ ಪಾವತಿ, ಹೆಸರು ತಾಳೆಯಾಗದ್ದು, ಇಂಥ ತಿದ್ದುಪಡಿ 900. ಒಂದಕ್ಕೆ 50 ನಿಮಿಷ, ಮತ್ತೆ 750 ಗಂಟೆ. ಎಲ್ಲ ಸೇರಿ 5,000 ಗಂಟೆ.

ಈಗ ಹೋದ ವರ್ಷದ್ದು ನೋಡಿ. ಚೀಟಿ 35,000 ಇತ್ತು, ಉಳಿದದ್ದೆಲ್ಲ ಇಷ್ಟೇ. ಅಂದರೆ 5,250 ಗಂಟೆ. ಕಬ್ಬು 14% ಇಳಿದರೂ ಕೆಲಸ ಇಳಿದದ್ದು 5% ಕೂಡ ಇಲ್ಲ. ಯಾಕೆಂದರೆ ರೈತರು ಅವರೇ. ಒಬ್ಬೊಬ್ಬರು ತರುವ ಕಬ್ಬು ಕಡಿಮೆಯಾಗಿದೆ, ಬಿಲ್ ಕಡಿಮೆಯಾಗಿಲ್ಲ.

ನಿಮಿಷಗಳನ್ನು ಮಾತ್ರ ಬಾಯಲ್ಲಿ ಕೇಳಿ ಬರೆದುಕೊಳ್ಳಬೇಡಿ. "ಯಾವುದಕ್ಕೆ ಎಷ್ಟು ಹೊತ್ತು ಹೋಗುತ್ತೆ?" ಅಂತ ಕೇಳಿದರೆ ಎಲ್ಲರೂ ಇಡೀ ದಿನವನ್ನು ಕೆಲಸದಲ್ಲೇ ತುಂಬಿಸಿ ಹೇಳುತ್ತಾರೆ. ಖಾಲಿ ಹೊತ್ತು ಯಾರ ಬಾಯಲ್ಲೂ ಬರುವುದಿಲ್ಲ. ಎರಡು ದಿನ ಪಕ್ಕದಲ್ಲಿ ಕೂತು ನೋಡಿ.

ಒಬ್ಬರಿಂದ ಎಷ್ಟು ಗಂಟೆ ಸಿಗುತ್ತದೆ? ಡ್ಯೂಟಿ 8 ಗಂಟೆಯಾದರೂ ನಿಜವಾದ ಕೆಲಸ 6 ಗಂಟೆ ಹಿಡಿಯಿರಿ. ಹಂಗಾಮಿನ 125 ಕೆಲಸದ ದಿನಕ್ಕೆ 750 ಗಂಟೆ. 5,000 ಗಂಟೆಗೆ 6.67 ಜನ, ಅಂದರೆ 7 ಜನ. ತಿಂಗಳಿಗೆ 22,500 ರೂಪಾಯಿಯಂತೆ ಐದು ತಿಂಗಳಿಗೆ ಒಬ್ಬರಿಗೆ 1,12,500. ಅದನ್ನು 750ರಿಂದ ಭಾಗಿಸಿದರೆ ಗಂಟೆಗೆ 150 ರೂಪಾಯಿ. ಹಾಗಾಗಿ ಒಂದು ಚೀಟಿಗೆ 7.50, ಒಂದು ರೈತರ ಬಿಲ್‌ಗೆ 25, ಒಂದು ತಿದ್ದುಪಡಿಗೆ 125. ಇವೇ ನಿಮ್ಮ ಕಾಸ್ಟ್ ಡ್ರೈವರ್ ದರಗಳು.

ಹೆಚ್ಚಿನವರು ಎಡವುವುದು ಈ ದರದಲ್ಲೇ. ಹೋದ ವರ್ಷ 8 ಜನ ಇದ್ದರು, ಖರ್ಚು 9 ಲಕ್ಷ ಅಂದುಕೊಳ್ಳಿ. ಅದನ್ನು ಮಾಡಿದ 5,250 ಗಂಟೆಯಿಂದ ಭಾಗಿಸಿದರೆ ಗಂಟೆಗೆ 171 ಬರುತ್ತದೆ. 5,250 ಗಂಟೆಗೆ 7 ಜನ ಸಾಕಿತ್ತು. ಕೆಲಸವಿಲ್ಲದೆ ಕೂತ ಒಬ್ಬರ ಸಂಬಳ ಆ ದರದೊಳಗೆ ಸೇರಿಕೊಂಡಿತು, ಅಲ್ವಾ? ಅದೇ ದರ ಹಿಡಿದು ಬಜೆಟ್ ಮಾಡಿದರೆ ಆ ಖರ್ಚು ಈ ವರ್ಷಕ್ಕೂ ಸುಮ್ನೆ ಬಂದುಬಿಡುತ್ತದೆ. ಅದಕ್ಕೇ 150ನ್ನೇ ಇಟ್ಟುಕೊಳ್ಳಿ. 7 ಜನರ ಖರ್ಚು 7,87,500, ಕೆಲಸದ ಬೆಲೆ 7,50,000. ಉಳಿದ 37,500 ಅನ್ನು "ಬಳಕೆಯಾಗದ ಸಾಮರ್ಥ್ಯ" ಅಂತ ಬೇರೆ ಸಾಲಿನಲ್ಲಿ ತೋರಿಸಿ.

"ಕಬ್ಬು 14% ಕಡಿಮೆ, ಏಳರಲ್ಲೂ ಒಬ್ಬರನ್ನು ತೆಗೆಯಿರಿ" ಅಂದರೆ ಒಪ್ಪಬೇಡಿ. 6 ಜನರಿಂದ 4,500 ಗಂಟೆಯೇ ಸಿಗುತ್ತದೆ. ನಾನಿದ್ದ ಒಂದು ಕಡೆ ಹೀಗೇ ಮಾಡಿದರು. ಜನವರಿಯಲ್ಲಿ ಬಿಲ್ ರಾಶಿ ಬಿತ್ತು, ರೈತರು ದಿನಾ ಬಂದು ಕಿಟಕಿ ಮುಂದೆ ನಿಂತು ಹೋಗುತ್ತಿದ್ದರು. ಆ ಮುಖಗಳು ನನಗೆ ಇನ್ನೂ ನೆನಪಿವೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ. ಒಬ್ಬರ ಸಂಬಳ ಉಳಿಸಲು ಹೋಗಿ ಆ ಬಡ್ಡಿ ಮೈಮೇಲೆ ಎಳೆದುಕೊಂಡ ಹಾಗಾಗುತ್ತದೆ.

ಇದೇ ಕಾರಣಕ್ಕೆ ಹದಿನೈದು ದಿನಕ್ಕೊಂದು ಲೆಕ್ಕವನ್ನೂ ಮಾಡಿ. 12 ಕೆಲಸದ ದಿನಕ್ಕೆ 7 ಜನರಿಂದ 504 ಗಂಟೆ ಸಿಗುತ್ತದೆ. ಜೋರಿನ ಸಮಯದಲ್ಲಿ 600 ಗಂಟೆ ಕೆಲಸ ಬಿದ್ದರೆ 96 ಗಂಟೆ ಕೊರತೆ. ಇಡೀ ಹಂಗಾಮಿನ ಸರಾಸರಿಯಲ್ಲಿ ಇದು ಕಾಣುವುದೇ ಇಲ್ಲ. ಅಷ್ಟು ಗಂಟೆಯ ಓವರ್‌ಟೈಮ್ ಹಣ ಮೊದಲೇ ಕೇಳಿಟ್ಟುಕೊಳ್ಳಿ.

ಕೊನೆಗೆ ಆ 900 ತಿದ್ದುಪಡಿಗೆ ಬನ್ನಿ. 750 ಗಂಟೆ ಅಂದರೆ ಪೂರ್ತಿ ಒಬ್ಬ ಮನುಷ್ಯ. ಹೊಲ ಅಪ್ಪನ ಹೆಸರಲ್ಲಿ, ಖಾತೆ ಮಗನ ಹೆಸರಲ್ಲಿ, ಇಂಥವೇ ಜಾಸ್ತಿ. ಕಬ್ಬು ನೋಂದಣಿ ಮಾಡುವಾಗಲೇ ಪಾಸ್‌ಬುಕ್ ತಾಳೆ ನೋಡಿದರೆ ಇವು ಇಳಿಯುತ್ತವೆ. ಆದರೆ ಅರ್ಧಕ್ಕೆ ಇಳಿಸಿದ ಕೂಡಲೇ ಹಣ ಉಳಿಯುತ್ತದೆ ಅಂತ ಬರೆಯಬೇಡಿ. ಆಗ ಒಟ್ಟು 4,625 ಗಂಟೆ, ಇನ್ನೂ 7 ಜನವೇ ಬೇಕು. 300ಕ್ಕೆ ಇಳಿದರೆ ಮಾತ್ರ 4,500ಕ್ಕೆ ಬಂದು 6 ಜನ ಸಾಕಾಗುತ್ತಾರೆ. ಆಗಲೂ ಜೋರಿನ ಹದಿನೈದು ದಿನದ ಲೆಕ್ಕ ಮತ್ತೊಮ್ಮೆ ಹಾಕಿ ನೋಡಿ, ಆಮೇಲೆ ಏಳನೆಯವರನ್ನು ಬೇರೆ ವಿಭಾಗಕ್ಕೆ ಕಳಿಸುವ ಮಾತು ಎತ್ತಿ.