ಗೆಣಸನ್ನು ಯಾಕೆ ತೆಗೆದರು?

*ಮಾನ್ಯ ಸಂಪಾದಕರೇ, ನಾನು ಬಿ.ಎಸ್ಸಿ. ಡಯೆಟಿಕ್ಸ್ ಮುಗಿಸಿ, ವಿದೇಶದಲ್ಲಿ ಫುಡ್ ಸೈನ್ಸ್ ಎಂ.ಎಸ್ಸಿ.ಗೆ ಅರ್ಜಿ ಹಾಕುತ್ತಿದ್ದೇನೆ. ಇಂಟರ್ನ್‌ಶಿಪ್‌ನಲ್ಲಿ ಡಯಾಲಿಸಿಸ್ ರೋಗಿಯೊಬ್ಬರು "ಗೆಣಸು ನೆನೆಸಿಟ್ಟು ತಿಂದರೆ ಆಗುತ್ತಾ?" ಎಂದು ಕೇಳಿದ್ದನ್ನು ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನಲ್ಲಿ ಬರೆದಿದ್ದೆ. ಕನ್ಸಲ್ಟೆನ್ಸಿಯವರು ಅದನ್ನು ತೆಗೆದು "ಬಾಲ್ಯದಿಂದಲೂ ನನಗೆ ಆಹಾರದಲ್ಲಿ ಒಲವು" ಎಂದು ಹಾಕಿದ್ದಾರೆ. ಯಾವುದು ಸರಿ?*
*— ಓದುಗಿ, ಉಡುಪಿ*

ಕನ್ಸಲ್ಟೆನ್ಸಿಯವರು ಕೊನೆಯ ದಿನಾಂಕ, ಪದಮಿತಿ, ವ್ಯಾಕರಣ ಎಲ್ಲ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಒಪ್ಪಿದೆ. ಆದರೆ ಇಡೀ ಅರ್ಜಿಯಲ್ಲಿ ನಿಮ್ಮದು ಅಂತ ಇದ್ದದ್ದು ಆ ಗೆಣಸೊಂದೇ. ಅದನ್ನೇ ಕಿತ್ತು ಹಾಕಿದರಲ್ಲ! ನೀವೂ ಸುಮ್ನೆ ಬಿಟ್ಟಿರಿ.

ಡಯೆಟಿಕ್ಸ್ ಓದಿದವರಿಗೆ ಫುಡ್ ಸೈನ್ಸ್ ಯಾಕೆ ಎಂಬ ಅನುಮಾನ ಅರ್ಜಿ ನೋಡುವವರಿಗೆ ಬಂದೇ ಬರುತ್ತದೆ. ಗೆಣಸು ಅದಕ್ಕೆ ಉತ್ತರ. ಕಿಡ್ನಿ ಸೋತವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಹಾಗಾಗಿ ಎಳನೀರು ಬೇಡ, ಗೆಣಸು ಬೇಡ ಅನ್ನುತ್ತೀರಿ. ಇಷ್ಟು ಡಯೆಟಿಕ್ಸ್. ಹಸಿ ಗೆಣಸನ್ನು ತಣ್ಣೀರಲ್ಲಿ ನೆನೆಸಿಟ್ಟರೆ ಪೊಟ್ಯಾಸಿಯಂ ಜಾಸ್ತಿ ಹೋಗುವುದಿಲ್ಲ. ಅದು ಜೀವಕೋಶದ ಒಳಗಿರುತ್ತದೆ, ಕೋಶದ ಪೊರೆ ಹೊರಗೆ ಬಿಡುವುದಿಲ್ಲ. ಬೇಯಿಸಿದಾಗ ಪೊರೆ ಕೆಡುತ್ತದೆ, ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ. ಹೋಳು ಚಿಕ್ಕದಾಗಿ, ನೀರು ಧಾರಾಳವಾಗಿ ಇದ್ದು, ನಡುವೆ ನೀರು ಬದಲಿಸಿದರೆ ಇನ್ನಷ್ಟು ಇಳಿಯುತ್ತದೆ. ಆ ನೀರನ್ನು ಚೆಲ್ಲಬೇಕು. ಸಾರಿಗೆ ಹಾಕಿದರೆ ಮಾಡಿದ್ದೆಲ್ಲ ದಂಡ. ಚೆಲ್ಲಿದರೆ ವಿಟಮಿನ್ ಸಿ ಕೂಡ ಹೋಗುತ್ತದೆ, ರುಚಿಯೂ ಹೋಗುತ್ತದೆ. (ಡಯಾಲಿಸಿಸ್‌ನಲ್ಲಿರುವ ಓದುಗರು ಇದನ್ನು ನೆಚ್ಚಿ ಗೆಣಸು ತರಲು ಹೊರಡಬೇಡಿ. ನಿಮ್ಮ ಡಯೆಟಿಷಿಯನ್ ಹೇಳಿದಷ್ಟೇ ತಿನ್ನಿ.)

ಹೋಳು ಎಷ್ಟು ದಪ್ಪ ಇರಬೇಕು? ಎಷ್ಟು ನಿಮಿಷ ಬೆಂದರೆ ಎಷ್ಟು ಪೊಟ್ಯಾಸಿಯಂ ಇಳಿಯುತ್ತದೆ? ಆಮೇಲೆ ಅದು ತಿನ್ನುವ ಹಾಗಿರುತ್ತದಾ? ಇದಕ್ಕೆ ಡಯಟ್ ಚಾರ್ಟ್ ಸಾಲದು. ಫುಡ್ ಕೆಮಿಸ್ಟ್ರಿ ಬೇಕು, ಮಾಸ್ ಟ್ರಾನ್ಸ್‌ಫರ್ ಬೇಕು, ಅಂದರೆ ಹೋಳಿನಿಂದ ನೀರಿಗೆ ಏನು ಎಷ್ಟು ಬೇಗ ಸಾಗುತ್ತದೆ ಎಂಬ ಲೆಕ್ಕ. ಅದನ್ನು ಕಲಿಯಲು ಬರುತ್ತೇನೆ ಅಂತಲೇ ಬರೆಯಿರಿ. ರೋಗಿಯ ಗುರುತು ಬೇಡ. ಆ ವಿಶ್ವವಿದ್ಯಾಲಯದ ಯಾವ ಕೋರ್ಸ್, ಯಾರ ಲ್ಯಾಬ್ ನಿಮಗೆ ಬೇಕು ಎಂದು ಹೆಸರು ಹೇಳಿ. ಎಂಜಿನಿಯರಿಂಗ್ ಗಣಿತ ಓದಿಲ್ಲದಿದ್ದರೆ ಮುಚ್ಚಿಡಬೇಡಿ, ಮಾರ್ಕ್ಸ್ ಕಾರ್ಡಿನಲ್ಲಿ ಹೇಗೂ ಕಾಣುತ್ತದೆ. ಅದಕ್ಕೆ ಈಗ ಏನು ಓದುತ್ತಿದ್ದೀರಿ ಅಂತ ಎರಡು ಸಾಲು ಸಾಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರಗಳ ಪೋಷಕಾಂಶದ ಪಟ್ಟಿ ತಂದಿತು. ದೊಡ್ಡ ಕೆಲಸ. ಆದರೆ ಅದರಲ್ಲಿ ಹೆಚ್ಚಿನವು ಹಸಿ ಪದಾರ್ಥಗಳು. ನಮ್ಮ ಕಡೆ ಹಸಿ ಬಸಳೆ ಯಾರು ತಿನ್ನುತ್ತಾರೆ? ಬಸಳೆ ಗಸಿಯಾದ ಮೇಲೆ ಅದರಲ್ಲಿ ಏನು ಉಳಿಯಿತು ಅಂತ ಅಳೆಯುವ ಕೆಲಸ ನಮ್ಮ ಕಾಲೇಜುಗಳದ್ದು, ಅಲ್ವಾ? ಅಲ್ಲಿ ಮಕ್ಕಳು ಸೀನಿಯರ್‌ಗಳ ರೆಕಾರ್ಡ್ ಬುಕ್ ನೋಡಿ ನಕಲು ಮಾಡುತ್ತಾ ಕೂತಿದ್ದಾರೆ. ಮೇಷ್ಟ್ರುಗಳು ಅದಕ್ಕೇ ಸಹಿ ಹಾಕುತ್ತಿದ್ದಾರೆ.