ಮಾರಾಟದ ಹಳೆಯ ಲೆಕ್ಕವಿಲ್ಲದೆ ಬೇಡಿಕೆ ಅಂದಾಜಿಸುವುದು ಹೇಗೆ?

ಪ್ರಶ್ನೆ: ಮನೆಯಲ್ಲೇ ಶೇಂಗಾ, ಕೊಬ್ಬರಿ ಎಣ್ಣೆ ತೆಗೆಯುವ ಚಿಕ್ಕ ಗಾಣದ ಯಂತ್ರ ತರುತ್ತಿದ್ದೇವೆ. ಬೆಲೆ 18,000 ರೂಪಾಯಿ. ಕೊನೆಗೆ 20,000 ಮನೆಯವರಾದರೂ ಕೊಳ್ಳಬಹುದು. ಮೊದಲ ಎರಡು ವರ್ಷಕ್ಕೆ ಎಷ್ಟು ತಯಾರಿಸಲಿ?

ಉತ್ತರ: ಫ್ರಾಂಕ್ ಬಾಸ್ 1969ರಲ್ಲಿ ಕೊಟ್ಟ ಸೂತ್ರ ಇದಕ್ಕೆ ಸಾಕು.

```
n = (p + q × N/m) × (m − N)
```

n ಈ ವರ್ಷದ ಮಾರಾಟ, N ಹಿಂದಿನ ವರ್ಷದ ಕೊನೆಯವರೆಗೆ ಕೊಂಡವರು, m ಒಟ್ಟು ಕೊಳ್ಳಬಹುದಾದವರು. p ಅಂದರೆ ಜಾಹೀರಾತು, ಅಂಗಡಿಯಲ್ಲಿ ನೋಡಿ ತಾವಾಗಿ ಕೊಳ್ಳುವವರ ಪ್ರಮಾಣ. q ಅಂದರೆ ಪಕ್ಕದ ಮನೆಯವರನ್ನು ನೋಡಿ ಕೊಳ್ಳುವ ಒತ್ತಡ. p, q ಎರಡನ್ನೂ ನಿಮ್ಮ ಯಂತ್ರವನ್ನು ಹೋಲುವ ವಸ್ತುಗಳ ಹಳೆಯ ಮಾರಾಟದಿಂದ ಎರವಲು ತರಬೇಕು.

ಹೋಲಿಕೆಯನ್ನು ಆಕಾರದಲ್ಲಿ ಹುಡುಕಬೇಡಿ, ಕೊಳ್ಳುವ ರೀತಿಯಲ್ಲಿ ಹುಡುಕಿ. ನಿಮ್ಮದಕ್ಕೆ ಮಿಕ್ಸಿಗಿಂತ ಮನೆ ಬಳಕೆಯ ಹಿಟ್ಟಿನ ಗಿರಣಿ ಹತ್ತಿರ: ದುಬಾರಿ, ಅಂಗಡಿಯಲ್ಲಿ ಸಿಗುವ ಪದಾರ್ಥಕ್ಕೆ ಬದಲಿ, ಓಡಿಸಿ ತೋರಿಸದೆ ನಂಬಿಕೆ ಬಾರದು. ಗೆದ್ದ ವಸ್ತುಗಳನ್ನೇ ಆರಿಸಿದರೆ ಅಂದಾಜು ಉಬ್ಬುತ್ತದೆ. ಎರಡು ವರ್ಷಕ್ಕೇ ಮೂಲೆ ಸೇರಿದ ಒಂದನ್ನಾದರೂ ಸೇರಿಸಿ.

ಅವುಗಳಿಂದ p 0.02, q 0.4 ಬಂತು ಅಂದುಕೊಳ್ಳಿ. ಮೊದಲ ವರ್ಷ N ಸೊನ್ನೆ, ಹಾಗಾಗಿ 0.02 × 20,000 = 400. ಎರಡನೇ ವರ್ಷ (0.02 + 0.4 × 400/20,000) × 19,600, ಅಂದರೆ ಸುಮಾರು 549. ಎರಡೂ ಸೇರಿ 949.

ಈಗ ಒಂದೊಂದನ್ನೇ ಕದಲಿಸಿ ನೋಡಿ. q 0.3ಕ್ಕೆ ಇಳಿದರೆ ಎರಡು ವರ್ಷದ ಮೊತ್ತ 910; ದೊಡ್ಡ ವ್ಯತ್ಯಾಸವೇನಲ್ಲ. p 0.01 ಆದರೆ ಮಾತ್ರ 477, ಹೆಚ್ಚುಕಡಿಮೆ ಅರ್ಧ. m ಅರ್ಧವಾದರೂ ಮೊತ್ತ ಸರಿಯಾಗಿ ಅರ್ಧವೇ. ಹಾಗಾಗಿ ಆರಂಭದ ತಯಾರಿಕೆಗೆ ತಲೆ ಕೆಡಿಸಿಕೊಳ್ಳಬೇಕಾದದ್ದು p ಮತ್ತು m ಬಗ್ಗೆ. ‘ಕೊಳ್ಳಬಹುದು’ ಅಂದವರೆಲ್ಲ 18,000 ಎಣಿಸುವುದಿಲ್ಲ. ನಿಮ್ಮ 20,000ವನ್ನು ಮುಂಗಡ ಕೊಟ್ಟು ಕಾಯ್ದಿರಿಸುವವರ ಪ್ರಮಾಣದೊಂದಿಗೆ ತಾಳೆ ನೋಡಿ. q ಬೇಕಾಗುವುದು ಮಾರಾಟದ ಶಿಖರ ಯಾವಾಗ ಎನ್ನುವುದಕ್ಕೆ: ln(q/p)/(p+q), ಇಲ್ಲಿ ಏಳು ವರ್ಷದ ಆಸುಪಾಸು. ದೊಡ್ಡ ಅಚ್ಚಿಗೆ ಹಣ ಹಾಕುವ ಮುನ್ನ ಅದನ್ನು ನೋಡಿ.

ಬಹಳ ಮಂದಿ ಎಡವುವುದು ಬಿಡುಗಡೆಯ ನಂತರ. 80 ಅಂಗಡಿಗೆ ತಲಾ 3 ಕಳಿಸಿದರೆ ಮೊದಲ ತಿಂಗಳೇ 240 ಹೋದಂತೆ ಕಾಣುತ್ತದೆ. ಅದು ಅಂಗಡಿಯ ದಾಸ್ತಾನು, ಬೇಡಿಕೆಯಲ್ಲ. ಅದನ್ನೇ ಸೂತ್ರಕ್ಕೆ ತುಂಬಿದರೆ p ಸುಳ್ಳೇ ದೊಡ್ಡದಾಗಿ, ಮರು ತಯಾರಿಕೆ ಗೋದಾಮಿನಲ್ಲಿ ಕೂರುತ್ತದೆ. ವಾರಂಟಿ ನೋಂದಣಿಯನ್ನೋ ಅಂಗಡಿಯ ಬಿಲ್ಲನ್ನೋ ಎಣಿಸಿ. ಆರು ತಿಂಗಳ ಅಂಕಿಯಿಂದ ಮೂರನ್ನೂ ಹೊಸದಾಗಿ ಲೆಕ್ಕ ಹಾಕಲು ಹೋಗಬೇಡಿ. ಶಿಖರಕ್ಕೆ ಮೊದಲು m ಎತ್ತ ಬೇಕಾದರೂ ಜಿಗಿಯುತ್ತದೆ. m, q ಹಾಗೇ ಬಿಟ್ಟು p ಒಂದನ್ನೇ ತಿದ್ದಿ. ಆರು ತಿಂಗಳಲ್ಲಿ 200ರ ಬದಲು 120 ಬಿಲ್ಲಾಗಿದ್ದು, ಹಬ್ಬದ ತಿಂಗಳು ಇನ್ನೂ ಬಾಕಿ ಇಲ್ಲದಿದ್ದರೆ, p 0.012 ಎಂದು ಹಿಡಿದು ಮುಂದಿನ ಆರ್ಡರ್ ಕೊಡಿ.