ಮರೆವಿದ್ದರೂ ಉಯಿಲು ನಿಲ್ಲಬಹುದು

ಪ್ರಶ್ನೆ: ತಾಯಿ 84ನೇ ವಯಸ್ಸಿನಲ್ಲಿ, ಮರೆವಿನ ಕಾಯಿಲೆ ಇದ್ದಾಗ, ಮನೆಯನ್ನು ಪೂರ್ತಿ ನನ್ನ ತಮ್ಮನ ಹೆಸರಿಗೆ ಉಯಿಲು ಬರೆದಿದ್ದಾರೆ. ಅವರನ್ನು ನೋಡಿಕೊಳ್ಳುತ್ತಿದ್ದವನು ಅವನೇ. ತಾಯಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ, ಅವನೇ ಒತ್ತಡ ಹಾಕಿ ಬರೆಸಿದ ಎಂದು ಕೋರ್ಟಿಗೆ ಹೋಗಬಹುದೇ?

ಉತ್ತರ: ಹೋಗಬಹುದು. ಆದರೆ ನೀವು ಒಂದೇ ಉಸಿರಿನಲ್ಲಿ ಹೇಳಿರುವುದು ಎರಡು ಬೇರೆ ಬೇರೆ ಆಕ್ಷೇಪಗಳು. ಎರಡಕ್ಕೂ ಬೇಕಾದ ಸಾಕ್ಷ್ಯ ಬೇರೆ, ರುಜುವಾತಿನ ಹೊಣೆಯೂ ಬೇರೆ.

ಮೊದಲನೆಯದು ಸ್ವಸ್ಥಚಿತ್ತದ ಪ್ರಶ್ನೆ. ಇಂಗ್ಲೆಂಡಿನ ಬ್ಯಾಂಕ್ಸ್ ಮತ್ತು ಗುಡ್‌ಫೆಲೋ ಮೊಕದ್ದಮೆಯಲ್ಲಿ 1870ರಲ್ಲಿ ಬಂದ ತೀರ್ಪಿನ ಅಳತೆಗೋಲನ್ನೇ ಆ ಕಾನೂನು ಪರಂಪರೆಯ ನ್ಯಾಯಾಲಯಗಳು ಇಂದಿಗೂ ನೆಚ್ಚಿಕೊಂಡಿವೆ. ಅಲ್ಲಿ ಉಯಿಲು ಬರೆದವನಿಗೆ, ಸತ್ತುಹೋದ ವ್ಯಕ್ತಿಯೊಬ್ಬ ತನ್ನನ್ನು ಪೀಡಿಸುತ್ತಿದ್ದಾನೆಂಬ ಭ್ರಮೆ ಇತ್ತು. ಆದರೂ ಉಯಿಲು ನಿಂತಿತು, ಏಕೆಂದರೆ ಆಸ್ತಿ ಯಾರಿಗೆ ಎಂಬ ಅವನ ತೀರ್ಮಾನವನ್ನು ಆ ಭ್ರಮೆ ಮುಟ್ಟಿರಲಿಲ್ಲ. ಹಾಗಾಗಿ ಕೋರ್ಟು ರೋಗದ ಹೆಸರು ಕೇಳಿ ತೃಪ್ತಿಪಡುವುದಿಲ್ಲ. ತಾನು ಉಯಿಲು ಬರೆಯುತ್ತಿದ್ದೇನೆ, ತನ್ನ ಆಸ್ತಿ ಸುಮಾರಾಗಿ ಇಷ್ಟು, ತನ್ನ ಮೇಲೆ ಹಕ್ಕಿರುವವರು ಇಂಥವರು ಎಂದು ತಾಯಿಗೆ ಆ ಹೊತ್ತಿನಲ್ಲಿ ತಿಳಿದಿತ್ತೇ ಎಂದು ಕೇಳುತ್ತದೆ.

'ಆ ಹೊತ್ತು' ಎಂಬುದರಲ್ಲೇ ಎಷ್ಟೋ ಮೊಕದ್ದಮೆಗಳು ಬಿದ್ದುಹೋಗುತ್ತವೆ. ಆರು ತಿಂಗಳ ಹಿಂದಿನ ಮರೆವಿನ ಪರೀಕ್ಷೆಯಲ್ಲಿ 30ಕ್ಕೆ 17 ಅಂಕ ಬಂದಿತ್ತು ಎಂದರೆ ಅದು ಅನುಮಾನ ಹುಟ್ಟಿಸೀತು, ತೀರ್ಪು ಕೊಡಿಸದು. ಅದೇ, ಮಧ್ಯಾಹ್ನ ಮೂರಕ್ಕೆ ಸಹಿ ಆಗಿದ್ದು, ಅಂದೇ ಬೆಳಿಗ್ಗೆ ನರ್ಸ್ 'ಯಾವ ಊರು, ಯಾವ ದಿನ ಗೊತ್ತಿಲ್ಲ, ಮಗಳನ್ನು ಗುರುತಿಸಲಿಲ್ಲ' ಎಂದು ಚೀಟಿಯಲ್ಲಿ ಬರೆದಿದ್ದರೆ ಅದಕ್ಕೆ ತೂಕ ಬಹಳ. ಸೋಂಕಿನಿಂದ ಬರುವ ಗೊಂದಲ ಗಂಟೆಗಂಟೆಗೆ ಏರಿಳಿಯುತ್ತದೆ. ಎದುರಿನವರು 'ಸಹಿ ಹಾಕುವಾಗ ಚೆನ್ನಾಗಿದ್ದರು' ಎನ್ನುವುದು ಇದೇ ಕಾರಣಕ್ಕೆ. ಸಹಿಯ ಹಿಂದಿನ ಮತ್ತು ಮುಂದಿನ ವಾರದ ಆಸ್ಪತ್ರೆ ದಾಖಲೆ, ಔಷಧದ ಪಟ್ಟಿ, ಸಾಕ್ಷಿ ಹಾಕಿದವರ ಹೇಳಿಕೆ, ಕರಡು ಬರೆದ ವಕೀಲರ ಟಿಪ್ಪಣಿ, ಇವನ್ನು ಮೊದಲು ಕೈಗೆ ತೆಗೆದುಕೊಳ್ಳಿ. ಇಲ್ಲಿ ನಿಮಗೊಂದು ಅನುಕೂಲವಿದೆ. ನೀವು ಗಟ್ಟಿ ಅನುಮಾನ ಎಬ್ಬಿಸಿದರೆ ಸಾಕು, ತಾಯಿ ಸ್ವಸ್ಥಚಿತ್ತರಾಗಿದ್ದರೆಂದು ಸಾಬೀತುಪಡಿಸುವ ಹೊಣೆ ಉಯಿಲು ಹಿಡಿದು ಬಂದವರ ಮೇಲೆ ಬೀಳುತ್ತದೆ.

ಎರಡನೆಯದು ಒತ್ತಡ ಹಾಕಿ ಬರೆಸಿದ ಎಂಬ ಆಕ್ಷೇಪ, ಕಾನೂನಿನ ಮಾತಿನಲ್ಲಿ ಅನುಚಿತ ಪ್ರಭಾವ. ಇದರಲ್ಲಿ ಹೊಣೆ ನಿಮ್ಮದೇ, ಅದೂ ಭಾರವಾದದ್ದು. ನೋಡಿಕೊಂಡ ಮಗ ಬೇಡಿಕೊಂಡ, ಅತ್ತ, ಪದೇ ಪದೇ ಕೇಳಿದ ಎಂಬುದು ತಪ್ಪಲ್ಲ. 'ಇದು ನನ್ನ ಇಷ್ಟವಲ್ಲ, ಆದರೂ ಬರೆಯಲೇಬೇಕು' ಎಂಬ ಸ್ಥಿತಿಗೆ ತಾಯಿಯನ್ನು ದೂಡಿದ್ದ ಎಂದು ತೋರಿಸಬೇಕು. ಉಳಿದ ಮಕ್ಕಳ ಫೋನ್ ಕರೆ ತಡೆದದ್ದು, ಊಟ ಔಷಧಿ ನಿಲ್ಲಿಸುವ ಬೆದರಿಕೆ, ಇಂಥವು ಬೇಕು. ಬರೀ ಅನುಮಾನದ ಮೇಲೆ ಈ ಆರೋಪ ಹೊರಿಸಿ ಸೋತರೆ ಖರ್ಚೂ ನಿಮ್ಮ ತಲೆಗೆ ಬರಬಹುದು. ತಮ್ಮನೇ ವಕೀಲರನ್ನು ಗೊತ್ತುಮಾಡಿ, ತಾನೇ ಕರಡು ಹೇಳಿ ಬರೆಸಿದ್ದರೆ, ಅದನ್ನು ಒತ್ತಡ ಎನ್ನುವುದಕ್ಕಿಂತ ಸಂಶಯಾಸ್ಪದ ಸನ್ನಿವೇಶ ಎಂದು ಮಂಡಿಸುವುದು ಮೇಲು. ತಾಯಿ ಅದನ್ನು ಓದಿ, ತಿಳಿದು, ಒಪ್ಪಿದರೇ ಎಂಬುದಕ್ಕೆ ಆಗ ಅವನೇ ಉತ್ತರ ಕೊಡಬೇಕಾಗುತ್ತದೆ.

ದಾವೆ ಹೂಡುವ ಮುನ್ನ ಇನ್ನೊಂದನ್ನು ಹುಡುಕಿ: ತಾಯಿ ಮೊದಲೊಂದು ಉಯಿಲು ಬರೆದಿದ್ದರೇ? ಈ ಉಯಿಲು ಬಿದ್ದರೆ ಸಾಮಾನ್ಯವಾಗಿ ಹಳೆಯದಕ್ಕೆ ಜೀವ ಬರುತ್ತದೆ, ಅದರಲ್ಲಿ ನಿಮ್ಮ ಹೆಸರು ಇಲ್ಲದಿರಲೂಬಹುದು.